‘ಅಂಬಿಗ ನಾ ನಿನ್ನ ನಂಬಿದೆ’: ಸಾಲು ಸಾಲಿಗೆ ಅರ್ಥ ಹೇಳುವ ಮೂರು ನಿಮಿಷದ ವಿಡಿಯೋ ಮಾಡುವುದು ಹೇಗೆ

ಕಲಬುರಗಿ, ಯಾದಗಿರಿ ಕಡೆಯ ಭಜನೆಗಳಲ್ಲಿ ದಾಸರ ಪದ ಹಾಡುವವರಿಗೆ ಕೊರತೆ ಇಲ್ಲ. ಹಾಡು ಬಾಯಿಗೆ ಬರುತ್ತದೆ, ತಾಳ ತಪ್ಪುವುದಿಲ್ಲ. ಆದರೆ ಮಕ್ಕಳು ಪಕ್ಕದಲ್ಲಿ ಕೂತು ‘ಈ ಸಾಲಿನ ಅರ್ಥ ಏನು’ ಎಂದು ಕೇಳಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಥವನ್ನು ಚಿಕ್ಕ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗುಂಪಿಗೋ ಯೂಟ್ಯೂಬಿಗೋ ಹಾಕಬೇಕು ಎನ್ನುವವರಿಗೆ ಈ ಬರಹ. ಒಂದೇ ಹಾಡನ್ನು ಹಿಡಿದು ಮೊದಲಿನಿಂದ ಕೊನೆವರೆಗೆ ಮಾಡಿ ತೋರಿಸುತ್ತೇನೆ. ಅದು ಪುರಂದರದಾಸರ ‘ಅಂಬಿಗ ನಾ ನಿನ್ನ ನಂಬಿದೆ’.

ಈ ಹಾಡನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇದರಲ್ಲಿ ಹರಿಗೋಲು, ಹೊಳೆ, ಸೆಳವು, ಸುಳಿ, ಹುಟ್ಟು ಎಲ್ಲ ಬರುತ್ತವೆ. ಕೃಷ್ಣೆ, ಭೀಮೆಯ ದಂಡೆಯ ಊರುಗಳವರಿಗೆ ಇವು ಪುಸ್ತಕದ ಮಾತುಗಳಲ್ಲ. ಸುರಪುರ, ಶಹಾಪುರ ಕಡೆಯ ಹಿರಿಯರು ಹರಿಗೋಲಿನಲ್ಲೇ ಹೊಳೆ ದಾಟಿದವರು. ಹೊರಗಿನ ಅರ್ಥ ಗೊತ್ತಿರುವ ಜನರಿಗೆ ಒಳಗಿನ ಅರ್ಥ ಹೇಳುವುದು ಸುಲಭ, ಅಲ್ವಾ? ಆದರೂ ಈ ಹಾಡಿನಲ್ಲಿ ಎಡವುವ ಜಾಗಗಳಿವೆ. ಅವನ್ನು ನೋಡುತ್ತಾ ಹೋಗೋಣ.

ಮೊದಲು ಸಾಲುಗಳನ್ನು ಆರಿಸಿ

ಯೂಟ್ಯೂಬ್ 2024ರ ಅಕ್ಟೋಬರ್‌ನಿಂದ ಫೋನು ನೆಟ್ಟಗೆ ಹಿಡಿದು ತೆಗೆದ, ಮೂರು ನಿಮಿಷದವರೆಗಿನ ವಿಡಿಯೋವನ್ನೂ ಶಾರ್ಟ್ಸ್ ಎಂದೇ ತೆಗೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಕೈಯಲ್ಲಿರುವುದು 180 ಸೆಕೆಂಡು. ಹಾಡು ಪೂರ್ತಿ ಹಾಡಿ, ಪೂರ್ತಿ ಅರ್ಥ ಹೇಳಲು ಇದು ಸಾಲುವುದಿಲ್ಲ. ಓಡಿಸಿಕೊಂಡು ಹೇಳಿದರೆ ಕೇಳುವವರಿಗೆ ಏನೂ ಉಳಿಯುವುದಿಲ್ಲ. ಪಲ್ಲವಿ, ಮೊದಲ ನುಡಿ, ಆರು ತೆರೆಯ ನುಡಿ, ಅಂಕಿತ ಇರುವ ಕೊನೆಯ ನುಡಿ, ಇಷ್ಟು ಸಾಕು. ‘ಹೊಳೆಯ ಭರವ’ ಎಂದು ಸುರುವಾಗುವ ನುಡಿ ಕೇಳಿದ ಕೂಡಲೇ ತಿಳಿಯುವಂಥದ್ದು, ಅದನ್ನು ಬಿಟ್ಟರೂ ನಡೆಯುತ್ತದೆ. ‘ಹೊತ್ತು ಹೋಯಿತು’ ಎಂಬ ನುಡಿಯಲ್ಲಿ ಇನ್ನೊಂದು ಎಣಿಕೆ ಬರುತ್ತದೆ. ಅದನ್ನು ಒಪ್ಪುವಂತೆ ಹೇಳಲು ಜಾಸ್ತಿ ಹೊತ್ತು ಬೇಕು, ಅದಕ್ಕೆ ಬೇರೆ ವಿಡಿಯೋ ಮಾಡಿ. ಅಂಕಿತದ ನುಡಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹಾಡು ಯಾರದು ಎಂದು ಹಾಡೇ ಹೇಳುವುದು ಅಲ್ಲಿ.

ನಾವು ತೆಗೆದುಕೊಳ್ಳುವ ಸಾಲುಗಳು ಇವು:

ಅಂಬಿಗ ನಾ ನಿನ್ನ ನಂಬಿದೆ ಜಗ-
ದಂಬಾರಮಣ ನಿನ್ನ ನಂಬಿದೆ

ತುಂಬಿದ ಹರಿಗೋಲಂಬಿಗ ಅದ-
ಕೊಂಬತ್ತು ಛಿದ್ರವು ಅಂಬಿಗ
ಸಂಭ್ರಮದಿಂ ನೋಡಂಬಿಗ ಅದ-
ರಿಂಬು ನೋಡಿ ನಡೆಸಂಬಿಗ

ಆರು ತೆರೆಯ ನೋಡಂಬಿಗ ಅದು
ಮೀರಿ ಬರುತಲಿದೆ ಅಂಬಿಗ
ಯಾರಿಂದಲಾಗದು ಅಂಬಿಗ ಅದ ನಿ-
ವಾರಿಸಿ ದಾಟಿಸೋ ಅಂಬಿಗ

ಸತ್ಯವೆಂಬುದೆ ಹುಟ್ಟಂಬಿಗ ಸದಾ
ಭಕ್ತಿಯೆಂಬುದೆ ಪಥವಂಬಿಗ
ನಿತ್ಯಮೂರುತಿ ನಮ್ಮ ಪುರಂದರವಿಠಲನ
ಮುಕ್ತಿಮಂಟಪಕೊಯ್ಯೋ ಅಂಬಿಗ

ಪಾಠ ಗಟ್ಟಿ ಮಾಡಿಕೊಳ್ಳಿ

ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ಊರಿಗೊಂದು ಮಾತು ಬದಲಾಗಿರುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಸಾಹಿತ್ಯವನ್ನು ಹಾಗೇ ನಕಲು ಮಾಡಿ ತೆರೆಯ ಮೇಲೆ ಹಾಕಿದರೆ, ಒಬ್ಬರ ಬೆರಳಚ್ಚಿನ ತಪ್ಪು ಸಾವಿರ ಜನಕ್ಕೆ ತಲುಪುತ್ತದೆ. ಅಚ್ಚಾದ ಎರಡು ಸಂಗ್ರಹಗಳನ್ನಾದರೂ ಎದುರಿಗಿಟ್ಟುಕೊಳ್ಳಿ. ಊರಿನ ಗ್ರಂಥಾಲಯದಲ್ಲಿ ಸಿಗುತ್ತವೆ, ಭಜನೆ ಮಾಡುವವರ ಮನೆಯಲ್ಲಿ ಇದ್ದೇ ಇರುತ್ತವೆ.

ಎರಡರಲ್ಲಿ ಬೇರೆ ಬೇರೆ ಇದ್ದರೆ ಯಾವುದು ಸರಿ ಎಂದು ನೋಡಲು ಹಾಡಿನೊಳಗೇ ಒಂದು ದಾರಿ ಇದೆ. ಅದು ಪ್ರಾಸ. ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡಿ. ತುಂಬಿದ, ಕೊಂಬತ್ತು, ಸಂಭ್ರಮ, ರಿಂಬು. ನಾಲ್ಕರಲ್ಲೂ ಸೊನ್ನೆ ಆದ ಮೇಲೆ ಬ ಅಥವಾ ಭ ಬರುತ್ತದೆ. ಆರು ತೆರೆಯ ನುಡಿಯಲ್ಲಿ ಆರು, ಮೀರಿ, ಯಾರಿಂದ, ವಾರಿಸಿ. ನಾಲ್ಕರಲ್ಲೂ ರ. ಕೊನೆಯದರಲ್ಲಿ ಸತ್ಯ, ಭಕ್ತಿ, ನಿತ್ಯ, ಮುಕ್ತಿ. ಎಲ್ಲೆಡೆ ತಕಾರ ಕೂಡಿದ ಒತ್ತಕ್ಷರ. ‘ನಿವಾರಿಸಿ’ ಎಂಬ ಮಾತು ಎರಡು ಸಾಲಿಗೆ ಒಡೆದು ‘ನಿ-’ ಮೇಲೆ, ‘ವಾರಿಸಿ’ ಕೆಳಗೆ ಬರುವುದು ಈ ಪ್ರಾಸಕ್ಕಾಗಿಯೇ. ಕೆಲವು ಕಡೆ ‘ನಿವಾರಿಸಿ’ ಪೂರ್ತಿಯಾಗಿ ಕೆಳಗಿನ ಸಾಲಿನ ಮೊದಲಲ್ಲಿ ಅಚ್ಚಾಗಿರುತ್ತದೆ. ಓದಿದರೆ ಅರ್ಥ ಕೆಡುವುದಿಲ್ಲ, ಆದರೆ ಪ್ರಾಸ ಕಾಣದೆ ಹೋಗುತ್ತದೆ. ಹಾಡುವವರ ಉಸಿರೂ ತಪ್ಪಾದ ಜಾಗದಲ್ಲಿ ಬೀಳುತ್ತದೆ.

ಈ ದಾರಿಗೆ ಒಂದು ಮಿತಿ ಇದೆ. ಪ್ರಾಸ ಕಾಯುವುದು ಸಾಲಿನ ಮೊದಲನ್ನು ಮಾತ್ರ. ಸಾಲಿನ ನಡುವೆ, ಕೊನೆಗೆ ಮಾತು ಬದಲಾಗಿದ್ದರೆ ಇದರಿಂದ ಗೊತ್ತಾಗುವುದಿಲ್ಲ. ಅಲ್ಲಿ ಒಂದು ಪುಸ್ತಕದ ಪಾಠ ಹಿಡಿದು, ಹಾಡುವಾಗಲೂ ಬರೆಯುವಾಗಲೂ ಅದನ್ನೇ ಇಟ್ಟುಕೊಳ್ಳಿ. ಕಿವಿಗೆ ಒಂದು ಮಾತು, ಕಣ್ಣಿಗೆ ಇನ್ನೊಂದು ಮಾತು ಬಿದ್ದರೆ ನೋಡುವವರು ಅಲ್ಲೇ ನಿಂತುಬಿಡುತ್ತಾರೆ.

ಪದ ಬಿಡಿಸಿ, ಆಮೇಲೆ ಅರ್ಥ ಬರೆಯಿರಿ

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೀಟು ಹಾಕಿ. ಮೊದಲನೆಯದರಲ್ಲಿ ಹಾಡಿನ ಮಾತು, ಎರಡನೆಯದರಲ್ಲಿ ಬಿಡಿಸಿದ ರೂಪ, ಮೂರನೆಯದರಲ್ಲಿ ಇಂದಿನ ಮಾತು. ‘ಅದಕೊಂಬತ್ತು’ ಅಂದರೆ ಅದಕ್ಕೆ ಒಂಬತ್ತು. ‘ಅದರಿಂಬು’ ಅಂದರೆ ಅದರ ಇಂಬು. ‘ಹರಿಗೋಲಂಬಿಗ’ ಅಂದರೆ ಹರಿಗೋಲು, ಅಂಬಿಗ. ‘ಮಂಟಪಕೊಯ್ಯೋ’ ಅಂದರೆ ಮಂಟಪಕ್ಕೆ ಒಯ್ಯೋ. ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಇದನ್ನು ಮಾಡದೆ ನೇರವಾಗಿ ಅರ್ಥ ಬರೆಯಲು ಕೂತವರೇ ಸಾಮಾನ್ಯವಾಗಿ ‘ಒಟ್ಟು ಭಾವ’ ಬರೆದು ಮುಗಿಸುತ್ತಾರೆ. ಒಟ್ಟು ಭಾವ ಎಲ್ಲರಿಗೂ ಮೊದಲೇ ಗೊತ್ತು: ದೇವರೇ ಕಾಪಾಡು. ಜನ ವಿಡಿಯೋ ನೋಡುವುದು ಸಾಲಿನ ಅರ್ಥಕ್ಕೆ.

ಹೀಗೆ ಬಿಡಿಸುವಾಗಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ‘ಅದ-’ ಎಂಬುದು ಮೊದಲ ಸಾಲಿನ ಕೊನೆಯಲ್ಲಿದ್ದರೂ ಎರಡನೆಯ ಸಾಲಿಗೆ ಸೇರಿದ್ದು. ‘ಜಗ-’ ಕೂಡ ಹಾಗೇ. ಒಂದೊಂದೇ ಸಾಲು ಹಾಡಿಸಿ ನಿಲ್ಲಿಸಿದರೆ ಮಾತು ನಡುವೆ ತುಂಡಾಗುತ್ತದೆ. ಹಾಗಾಗಿ ಈ ಹಾಡಿಗೆ ‘ಸಾಲು ಸಾಲಿಗೆ ಅರ್ಥ’ ಎಂದರೆ ಎರಡೆರಡು ಸಾಲಿಗೆ ಅರ್ಥ ಎಂದೇ ಇಟ್ಟುಕೊಳ್ಳಿ. ಪಲ್ಲವಿ ಒಂದು ಜೋಡಿ, ಮೂರು ನುಡಿಗೆ ಆರು ಜೋಡಿ, ಒಟ್ಟು ಏಳು ಜೋಡಿ ಆಯಿತು.

ಈಗ ಹೊತ್ತು ಹಂಚೋಣ. ಒಂದು ಜೋಡಿ ಹಾಡಲು 9 ಸೆಕೆಂಡು, ಅರ್ಥ ಹೇಳಲು 13 ಸೆಕೆಂಡು. ಏಳು ಜೋಡಿಗೆ 154 ಸೆಕೆಂಡು. ಹಾಡಿನ ಹೆಸರು, ದಾಸರ ಹೆಸರು ಹೇಳಲು ಮೊದಲಿಗೆ 8, ಕೊನೆಗೆ ಪಲ್ಲವಿಯನ್ನು ಒಮ್ಮೆ ಹಾಡಲು 10. ಒಟ್ಟು 172. ಉಳಿದ 8 ಸೆಕೆಂಡು ಉಸಿರಾಟಕ್ಕೆ. ನಿಧಾನವಾಗಿ ಓದಿದರೆ 13 ಸೆಕೆಂಡಿನಲ್ಲಿ 20ರಿಂದ 25 ಕನ್ನಡ ಪದ ಹಿಡಿಸುತ್ತವೆ. ನಿಮ್ಮ ಅರ್ಥ ಇದರೊಳಗೆ ಬರಬೇಕು. ಬರದಿದ್ದರೆ ಓದುವ ವೇಗ ಹೆಚ್ಚಿಸಬೇಡಿ, ಪದ ಕಡಿಮೆ ಮಾಡಿ. ‘ಇದರಿಂದ ನಾವು ಕಲಿಯಬೇಕಾದದ್ದು’ ಎಂಬಂಥ ಉಪದೇಶವನ್ನು ಮೊದಲು ತೆಗೆಯಿರಿ. ದಾಸರು ಹೇಳಿದ್ದು ಬಂದರೆ ಸಾಕು.

ಪ್ರತಿ ಜೋಡಿಗೂ ಮೊದಲು ಹೊರಗಿನ ಅರ್ಥ, ಆಮೇಲೆ ಒಳಗಿನ ಅರ್ಥ. ಮೊದಲು ಹರಿಗೋಲು ಕಾಣಲಿ, ಆಮೇಲೆ ದೇಹ ಕಾಣಲಿ. ಇದನ್ನು ತಿರುವುಮುರುವು ಮಾಡಿದರೆ ಹಾಡು ಪ್ರವಚನ ಆಗಿಬಿಡುತ್ತದೆ.

ಪಲ್ಲವಿಯಲ್ಲೇ ಒಂದು ತೊಡಕು

‘ಜಗದಂಬಾರಮಣ’ ಎಂದರೆ ಜಗದಂಬೆಯ ಗಂಡ. ನಮ್ಮ ಕಲಬುರಗಿ, ಬೀದರ್ ಕಡೆ ಜಗದಂಬೆ ಎಂದ ಕೂಡಲೇ ಮನಸ್ಸಿಗೆ ಬರುವುದು ತುಳಜಾಪುರದ ಅಂಬಾಭವಾನಿ. ಎಷ್ಟೋ ಮನೆಗಳ ಮನೆದೇವತೆ ಆಕೆ. ಹಾಗೆ ತಿಳಿದುಕೊಂಡರೆ ಜಗದಂಬೆಯ ಗಂಡ ಶಿವ ಆಗುತ್ತಾನೆ, ಹಾಡು ಬೇರೆ ಕಡೆ ಹೊರಡುತ್ತದೆ. ದಾಸರ ಪದದಲ್ಲಿ ಜಗತ್ತಿನ ತಾಯಿ ಎಂದರೆ ಲಕ್ಷ್ಮಿ. ಕೊನೆಯ ನುಡಿಯಲ್ಲಿ ಪುರಂದರ ವಿಠಲ ಬರುವುದರಿಂದ ಇದು ಇನ್ನೂ ಖಾತ್ರಿ. ಬೆಂಗಳೂರಿನವರು ಮಾಡುವ ವಿಡಿಯೋದಲ್ಲಿ ಈ ಮಾತನ್ನು ಬಿಡಿಸದಿದ್ದರೂ ನಡೆದೀತು. ನಮ್ಮ ಕಡೆ ಬಿಡಿಸಲೇಬೇಕು.

ಅಂಬಿಗ ಎಂಬ ಹೆಸರೂ ಅಷ್ಟೇ. ಭೀಮೆ, ಕೃಷ್ಣೆಯ ದಂಡೆಯಲ್ಲಿ ಅಂಬಿಗರು ಎಂದರೆ ದೊಡ್ಡ ಸಮುದಾಯ, ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರನ್ನು ತಮ್ಮವರೆಂದು ಪ್ರೀತಿಯಿಂದ ನೆನೆಯುವವರು. ದಾಸರು ಹರಿಯನ್ನು ಕರೆಯಲು ರಾಜ, ಒಡೆಯ ಎಂಬ ಮಾತು ಬಿಟ್ಟು ಅಂಬಿಗ ಎಂದು ಕರೆದಿದ್ದಾರೆ. ‘ಅಂಬಿಗ ಎಂದರೆ ಬರೀ ಹುಟ್ಟು ಹಾಕುವವನು, ಇಲ್ಲಿ ಹಾಗಲ್ಲ’ ಎಂಬ ಧಾಟಿಯಲ್ಲಿ ಅರ್ಥ ಹೇಳಲು ಹೋಗಬೇಡಿ. ಹೊಳೆ ದಾಟುವಾಗ ಎಲ್ಲರ ಜೀವ ಅಂಬಿಗನ ಕೈಯಲ್ಲಿರುತ್ತದೆ. ಹಾಡಿನ ಬಲ ಇರುವುದೇ ಅಲ್ಲಿ.

ನಾನು ಬರೆದುಕೊಂಡ ಅರ್ಥ ಇದು: “ಹರಿಗೋಲು ನಡೆಸುವವನೇ, ನಾನು ನಿನ್ನನ್ನು ನಂಬಿದ್ದೇನೆ. ಜಗತ್ತಿನ ತಾಯಿ ಲಕ್ಷ್ಮಿಯ ಗಂಡನೇ, ನಿನ್ನನ್ನೇ ನಂಬಿದ್ದೇನೆ. ದಾಸರು ಅಂಬಿಗ ಎಂದು ಕರೆಯುತ್ತಿರುವುದು ಹರಿಯನ್ನು.”

ಒಂಬತ್ತು ತೂತಿನ ಹರಿಗೋಲು

‘ತುಂಬಿದ’ ಎಂಬುದು ಹೊಳೆಗೆ ಸೇರಿದ ಮಾತಲ್ಲ, ಹರಿಗೋಲಿಗೆ ಸೇರಿದ್ದು. ಹೊರೆ ತುಂಬಿದೆ, ಸಾಲದ್ದಕ್ಕೆ ತೂತುಗಳೂ ಇವೆ. ಬಿದಿರಿನ ಹಂದರಕ್ಕೆ ಹೊದಿಕೆ ಬಿಗಿದು ಮಾಡುವ ಗುಂಡನೆಯ ಹರಿಗೋಲಿಗೆ ಮೂತಿ ಇಲ್ಲ, ಹಿಂದು ಮುಂದು ಇಲ್ಲ. ಸೆಳವಿಗೆ ಸಿಕ್ಕರೆ ತಿರುಗುತ್ತದೆ. ನಡೆಸುವವನ ಕೈ ಇಲ್ಲದೆ ಅದು ಎಲ್ಲಿಗೂ ಹೋಗುವುದಿಲ್ಲ. ಇದನ್ನೆಲ್ಲ ಅರ್ಥದಲ್ಲಿ ಹೇಳಲು ಜಾಗ ಇಲ್ಲ, ಆದರೆ ಚಿತ್ರದಲ್ಲಿ ತೋರಿಸಬಹುದು.

ಒಂಬತ್ತು ತೂತು ಎಂದರೆ ದೇಹದ ಒಂಬತ್ತು ಬಾಗಿಲು. ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ ದೇಹವನ್ನು ಒಂಬತ್ತು ಬಾಗಿಲಿನ ಊರು ಎಂದಿದೆ. ದಾಸರು ಊರಿನ ಜಾಗದಲ್ಲಿ ಹರಿಗೋಲು ಇಟ್ಟರು, ಬಾಗಿಲುಗಳು ತೂತುಗಳಾದವು. ಎಣಿಸಿ ಹೇಳಿ, ಆಗಲೇ ಮಕ್ಕಳಿಗೆ ಹಿಡಿಸುತ್ತದೆ: “ಇದು ಹೊರೆ ತುಂಬಿದ ಹರಿಗೋಲು. ಅದಕ್ಕೆ ಒಂಬತ್ತು ತೂತು. ಹರಿಗೋಲು ಅಂದರೆ ಈ ದೇಹ. ಕಣ್ಣು, ಕಿವಿ, ಮೂಗಿನವು ಎರಡೆರಡು, ಬಾಯಿ ಒಂದು, ಕೆಳಗಿನವು ಎರಡು. ಅವೇ ಒಂಬತ್ತು.” ‘ಕೆಳಗಿನವು ಎರಡು’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಮುಜುಗರ ಅಂತ ಅದನ್ನು ಬಿಟ್ಟರೆ ಲೆಕ್ಕ ಏಳಕ್ಕೇ ನಿಲ್ಲುತ್ತದೆ, ಕೇಳುವವರು ಎಣಿಸುತ್ತಾರೆ.

ಮುಂದಿನ ಜೋಡಿಯಲ್ಲಿ ‘ಸಂಭ್ರಮದಿಂ’ ಇದೆ. ಇಂದು ಸಂಭ್ರಮ ಅಂದರೆ ಜಾತ್ರೆ, ಮದುವೆ. ಅದನ್ನೇ ಇಲ್ಲಿ ಹಾಕಿದರೆ, ಮುಳುಗುತ್ತಿರುವ ಹರಿಗೋಲನ್ನು ಅಂಬಿಗ ಖುಷಿಯಿಂದ ನೋಡಬೇಕು ಎಂದಾಗುತ್ತದೆ. ಹಳೆಯ ಬಳಕೆಯಲ್ಲಿ ಈ ಮಾತಿಗೆ ಲಗುಬಗೆ, ಆತುರ ಎಂಬ ಅರ್ಥ ಇದೆ. ಇಲ್ಲಿ ಕೂಡುವುದು ಅದು. ನಮ್ಮ ಕಡೆ ‘ಲಗೂನ ನೋಡು’ ಅನ್ನುತ್ತೇವಲ್ಲ, ಆ ಆತುರ. ‘ಇಂಬು’ ಅಂದರೆ ಜಾಗ, ಅವಕಾಶ. ಹೀಗೆ ಹೇಳಬಹುದು: “ಅಂಬಿಗ, ಲಗುಬಗೆಯಿಂದ ಒಮ್ಮೆ ನೋಡು. ಇದರಲ್ಲಿ ಎಷ್ಟು ಜಾಗ ಇದೆ, ಇದು ಎಷ್ಟು ತಾಳುತ್ತದೆ ಎಂದು ನೋಡಿಕೊಂಡು ನಡೆಸು. ಈ ದೇಹದ ಬಲ ಎಷ್ಟೆಂದು ನಿನಗೇ ಗೊತ್ತು.”

ಆರು ತೆರೆ ಯಾವುವು?

ಈ ಹಾಡಿಗೆ ಅರ್ಥ ಹೇಳುವವರು ಹೆಚ್ಚಾಗಿ ಬೇರೆಬೇರೆಯಾಗುವುದು ಇಲ್ಲಿ. ಆರು ಎಂದ ಕೂಡಲೇ ನೆನಪಾಗುವುದು ಅರಿಷಡ್ವರ್ಗ: ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ತುಂಬ ಜನ ಇದನ್ನೇ ಹೇಳುತ್ತಾರೆ, ಹಾಡಿಗೆ ತೀರಾ ಹೊರಗಿನದೂ ಅಲ್ಲ. ಆದರೆ ಶಾಸ್ತ್ರದಲ್ಲಿ ‘ಷಡೂರ್ಮಿ’ ಎಂದೇ ಹೆಸರಿರುವ ಇನ್ನೊಂದು ಆರು ಇದೆ. ಊರ್ಮಿ ಎಂದರೆ ತೆರೆ. ಹಸಿವು, ಬಾಯಾರಿಕೆ, ದುಃಖ, ಮೋಹ, ಮುಪ್ಪು, ಸಾವು ಎಂಬ ಆರು. ಈ ಆರನ್ನು ಇದೇ ಕ್ರಮದಲ್ಲಿ ಬೃಹದಾರಣ್ಯಕ ಉಪನಿಷತ್ತು ಒಟ್ಟಿಗೆ ಹೇಳುತ್ತದೆ.

ನನಗೆ ಎರಡನೆಯದೇ ಸರಿ ಎನಿಸುತ್ತದೆ. ಅದಕ್ಕೆ ಹಾಡಿನಲ್ಲೇ ಎರಡು ಆಧಾರ ಇವೆ. ದಾಸರು ಆರು ಹಗೆಗಳು ಎನ್ನಲಿಲ್ಲ, ಆರು ತೆರೆ ಎಂದರು. ಮುಂದಿನ ಸಾಲಿನಲ್ಲಿ ‘ಯಾರಿಂದಲಾಗದು’ ಎಂದರು. ಸಿಟ್ಟನ್ನು, ಆಸೆಯನ್ನು ಗೆದ್ದವರ ಕತೆ ನಮ್ಮಲ್ಲಿ ಬೇಕಾದಷ್ಟಿವೆ. ಮುಪ್ಪನ್ನು, ಸಾವನ್ನು ತಡೆದವರು ಯಾರಿದ್ದಾರೆ? ಒಂಬತ್ತು ತೂತಿನ ದೇಹದ ಮಾತು ಹೇಳಿದ ಮೇಲೆ, ಆ ದೇಹಕ್ಕೆ ಬಂದು ಬಡಿಯುವ ತೆರೆಗಳ ಮಾತು ಬರುವುದು ಸಹಜವೂ ಹೌದು.

ಆದರೆ ವಿಡಿಯೋದಲ್ಲಿ ಈ ವಾದಕ್ಕೆಲ್ಲ ಜಾಗ ಇಲ್ಲ. ಒಂದನ್ನು ಆರಿಸಿ ಹೇಳಿ. ‘ಅರಿಷಡ್ವರ್ಗ ಎಂದೂ ಹೇಳುವವರಿದ್ದಾರೆ’ ಎಂಬ ಒಂದು ಸಾಲನ್ನು ವಿಡಿಯೋದ ಕೆಳಗಿನ ವಿವರಣೆಯಲ್ಲಿ ಹಾಕಿ. ಎರಡನ್ನೂ 13 ಸೆಕೆಂಡಿನಲ್ಲಿ ತುರುಕಿದರೆ ಹನ್ನೆರಡು ಹೆಸರು ಸಾಲಾಗಿ ಬಂದು ಯಾವುದೂ ನೆನಪಿರುವುದಿಲ್ಲ. ನಾನು ಬರೆದುಕೊಂಡ ಅರ್ಥ: “ಆರು ತೆರೆಗಳು ಒಂದರ ಮೇಲೊಂದು ಏರಿ ಬರುತ್ತಿವೆ. ಹಸಿವು, ಬಾಯಾರಿಕೆ, ದುಃಖ, ಮೋಹ, ಮುಪ್ಪು, ಸಾವು. ದೇಹ ಇರುವ ತನಕ ಇವು ನಿಲ್ಲುವುದಿಲ್ಲ.” ಅದರ ಮುಂದಿನ ಜೋಡಿ: “ಇವನ್ನು ತಡೆಯುವುದು ಯಾರಿಂದಲೂ ಆಗದು. ನೀನೇ ಇವನ್ನು ಸರಿಸಿ, ನನ್ನನ್ನು ಆಚೆ ದಂಡೆಗೆ ದಾಟಿಸು.” ಇದು ಚಿಕ್ಕದಾಯಿತು, ಇರಲಿ. ಆರು ಹೆಸರು ಕೇಳಿದ ಮೇಲೆ ಕೇಳುವವರಿಗೂ ಸ್ವಲ್ಪ ಬಿಡುವು ಬೇಕು.

ಹುಟ್ಟು ಅಂದರೆ ಜನ್ಮ ಅಲ್ಲ

ಕೊನೆಯ ನುಡಿಯ ‘ಸತ್ಯವೆಂಬುದೆ ಹುಟ್ಟಂಬಿಗ’ ಕೇಳಿದ ಒಬ್ಬ ಹುಡುಗ ಭಜನೆಯಲ್ಲಿ ಅಜ್ಜಿಯನ್ನು ಕೇಳಿದ್ದ: “ಸತ್ಯ ಹುಟ್ಟತದ ಅಂದ್ರ ಏನು ಆಯಿ?” ಅವನ ತಪ್ಪೇನೂ ಇಲ್ಲ. ಅವನು ಹರಿಗೋಲು ನೋಡಿದ್ದಾನು, ಹುಟ್ಟು ಎಂಬ ಹೆಸರು ಕೇಳಿರಲಿಕ್ಕಿಲ್ಲ. ನೀರನ್ನು ಹಿಂದಕ್ಕೆ ತಳ್ಳುವ ಆ ಕಟ್ಟಿಗೆಯ ಚಿತ್ರವನ್ನು ಇದೇ ಸಾಲಿಗೆ ತೆರೆಯ ಮೇಲೆ ತನ್ನಿ. ಬಾಯಿ ಮಾತಿಗಿಂತ ಅದೇ ಬೇಗ ತಿಳಿಸುತ್ತದೆ. “ಹರಿಗೋಲು ನಡೆಸುವ ಹುಟ್ಟು ಯಾವುದು? ಸತ್ಯ. ಅದು ಸಾಗುವ ದಾರಿ ಯಾವುದು? ಎಂದೂ ಬಿಡದ ಭಕ್ತಿ.”

ಕೊನೆಯ ಜೋಡಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಪಲ್ಲವಿಯಲ್ಲಿ ಅಂಬಿಗ ಅಂದರೆ ಹರಿಯೇ. ಇಲ್ಲಿ ಅದೇ ಅಂಬಿಗನಿಗೆ ‘ಪುರಂದರ ವಿಠಲನ ಮುಕ್ತಿಮಂಟಪಕ್ಕೆ ಒಯ್ಯಿ’ ಎನ್ನುತ್ತಾರೆ. ಅಂಬಿಗ ಬೇರೆ, ವಿಠಲ ಬೇರೆ ಎಂದು ಕೇಳುವವರಿಗೆ ಅನಿಸಬಹುದು. ಅರ್ಥದಲ್ಲೇ ಅದನ್ನು ಕೂಡಿಸಿಬಿಡಿ: “ಎಂದೂ ಅಳಿಯದ ನಮ್ಮ ಪುರಂದರ ವಿಠಲನ ಮುಕ್ತಿಮಂಟಪಕ್ಕೆ ನನ್ನನ್ನು ಒಯ್ಯಿ, ಅಂಬಿಗ. ನಡೆಸುವವನೂ ಅವನೇ, ಸೇರುವ ಜಾಗವೂ ಅವನದೇ.” ಒಯ್ಯಿ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಾ ಆಡುವಂಥದ್ದು. ಅದನ್ನು ‘ಕರೆದುಕೊಂಡು ಹೋಗು’ ಎಂದು ಬದಲಿಸುವ ಅಗತ್ಯ ಇಲ್ಲ. ಸೆಳವು, ತೆರೆ, ದಂಡೆ ಕೂಡ ಹಾಗೇ ಇರಲಿ.

ಅರ್ಥ ಬರೆದ ಹಾಳೆಯನ್ನು ಇಬ್ಬರಿಗೆ ತೋರಿಸಿ. ಒಬ್ಬರು ದಾಸಸಾಹಿತ್ಯ ಬಲ್ಲವರು. ನಮ್ಮ ಕಡೆ ಅಂಥವರು ದೂರವಿಲ್ಲ. ಸೇಡಂ ತಾಲೂಕಿನ ಮಳಖೇಡದಲ್ಲಿ ಕಾಗಿಣಾ ದಂಡೆಗೆ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ವೃಂದಾವನ ಇದೆ. ಆರಾಧನೆಗೆ ಬರುವ ಹಿರಿಯರಲ್ಲಿ ಇಂಥ ಪದಗಳನ್ನು ಬಾಯಲ್ಲೇ ಬಿಡಿಸಿ ಹೇಳುವವರು ಸಿಗುತ್ತಾರೆ. ಇನ್ನೊಬ್ಬರು ಏನೂ ಗೊತ್ತಿಲ್ಲದವರು, ಹತ್ತನೆಯ ತರಗತಿಯ ಹುಡುಗಿಯಾದರೂ ಸರಿ. ಬಲ್ಲವರು ತಪ್ಪು ಹಿಡಿಯುತ್ತಾರೆ, ಗೊತ್ತಿಲ್ಲದವರು ಎಲ್ಲಿ ತಿಳಿಯಲಿಲ್ಲ ಎಂದು ತೋರಿಸುತ್ತಾರೆ. ಎರಡೂ ಬೇಕು.

ಹಾಡು ಯಾರು ಹಾಡಬೇಕು?

ನಿಮ್ಮವರೇ ಹಾಡಲಿ. ಪುರಂದರದಾಸರ ಕಾಲ 1484ರಿಂದ 1564 ಎಂದು ಹೇಳುತ್ತಾರೆ. ಅವರ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ಅದು ಎಲ್ಲರದು. ಆದರೆ ಹೆಸರಾಂತ ಗಾಯಕರ ಧ್ವನಿಮುದ್ರಣ ಹಾಗಲ್ಲ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹತ್ತು ಸೆಕೆಂಡು ಹಾಕಿದರೂ ಯೂಟ್ಯೂಬ್ ತಾನಾಗಿ ಗುರುತು ಹಿಡಿದು, ಆ ಕಂಪನಿಯ ಹೆಸರಿನಲ್ಲಿ ಹಕ್ಕು ಸಾಧಿಸಬಹುದು. ಸಿನಿಮಾಕ್ಕೋ ಆಲ್ಬಮ್ಮಿಗೋ ಹೊಸದಾಗಿ ಹಾಕಿದ ಧಾಟಿಗೂ ಒಡೆಯರಿರುತ್ತಾರೆ. ಓಣಿಯ ಭಜನಾ ಮಂಡಳಿಯಲ್ಲಿ ತಲೆತಲಾಂತರದಿಂದ ಬಂದ ಧಾಟಿಯಲ್ಲಿ ಹಾಡಿಸಿದರೆ ಈ ತೊಂದರೆ ಯಾವುದೂ ಇಲ್ಲ.

ಹಾಡುವವರಿಗೆ ಮೊದಲೇ ಹೇಳಿ, ಎರಡು ಸಾಲು ಮುಗಿದ ಮೇಲೆ ಒಂದು ಉಸಿರು ನಿಲ್ಲಬೇಕು ಎಂದು. ಪೂರ್ತಿ ಹಾಡಿಸಿಕೊಂಡು ಆಮೇಲೆ ತುಂಡು ಮಾಡಲು ಹೋದರೆ ‘ಅಂಬಿಗ’ದ ಕೊನೆಯ ಎಳೆತ ಮುಂದಿನ ಮಾತಿಗೆ ಅಂಟಿಕೊಂಡಿರುತ್ತದೆ, ಕತ್ತರಿಸಿದ್ದು ಕಿವಿಗೆ ಹೊಡೆಯುತ್ತದೆ. ಹಾರ್ಮೋನಿಯಂ ಗಾಯಕರ ಹಿಂದೆ ಇರಲಿ, ಫೋನು ಗಾಯಕರ ಮುಂದೆ ಎರಡು ಗೇಣು ದೂರ ಇರಲಿ. ಇಲ್ಲದಿದ್ದರೆ ಪೆಟ್ಟಿಗೆಯ ಸದ್ದೇ ಮಾತನ್ನು ನುಂಗುತ್ತದೆ. ಅರ್ಥ ಓದುವಾಗ ಫೋನು ಒಂದು ಗೇಣು ದೂರ, ಬಾಯಿಗೆ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ‘ಭಕ್ತಿ’ಯ ಭ ‘ಫಟ್’ ಎನ್ನುತ್ತದೆ.

ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೂಡುವುದು ಕಷ್ಟ. ಆದರೆ ಫ್ಯಾನಿನ ಸದ್ದು ಆಮೇಲೆ ತೆಗೆಯಲು ಹೋದರೆ ದನಿಯೇ ಡಬ್ಬಿಯೊಳಗಿಂದ ಬಂದಂತೆ ಆಗುತ್ತದೆ. ನಸುಕಿನಲ್ಲಿ, ಹಾಸಿಗೆ ಬಟ್ಟೆ ಇರುವ ಕೋಣೆಯಲ್ಲಿ ಕೂತು ಮಾಡಿ. ಖಾಲಿ ಕೋಣೆಯಲ್ಲಿ, ಕಲ್ಲಿನ ಮಂಟಪದಲ್ಲಿ ದನಿ ಮೊಳಗುತ್ತದೆ. ಹಾಡಿಗೆ ಅದು ಚೆಂದ, ಅರ್ಥಕ್ಕೆ ಆಗುವುದಿಲ್ಲ.

ತೆರೆಯ ಮೇಲಿನ ಅಕ್ಷರ

ವಿಡಿಯೋ ನೆಟ್ಟಗಿರಲಿ, 1080 ಪಿಕ್ಸೆಲ್ ಅಡ್ಡ, 1920 ಪಿಕ್ಸೆಲ್ ಉದ್ದ. ಹಾಡುವಾಗ ಎರಡು ಸಾಲು ದೊಡ್ಡದಾಗಿ ಕಾಣಲಿ. ಅರ್ಥ ಹೇಳುವಾಗ ಆ ಸಾಲು ಮೇಲೆ ಸರಿದು, ಕೆಳಗೆ ಬಿಡಿಸಿದ ಮಾತು ಮತ್ತು ಅದರ ಅರ್ಥ ಮಾತ್ರ ಬರಲಿ. ‘ಅದಕ್ಕೆ ಒಂಬತ್ತು ಛಿದ್ರ = ಒಂಬತ್ತು ತೂತು’ ಇಷ್ಟೇ. ನೀವು ಓದುವುದನ್ನೆಲ್ಲ ತೆರೆಯ ಮೇಲೆ ತುಂಬಿದರೆ ಜನ ಓದುತ್ತಾ ಕೇಳುವುದನ್ನು ಬಿಡುತ್ತಾರೆ. ಕೆಳಗಿನ ಐದನೇ ಒಂದು ಭಾಗ, ಬಲ ಅಂಚು ಖಾಲಿ ಬಿಡಿ, ಅಲ್ಲಿ ಯೂಟ್ಯೂಬಿನ ಗುಂಡಿಗಳು ಕೂರುತ್ತವೆ.

ಕನ್ನಡಕ್ಕೆ ಒಂದು ವಿಶೇಷ ತೊಂದರೆ ಇದೆ. ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಆ್ಯಪಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. Noto Sans Kannada ಅಥವಾ Tiro Kannada ಫಾಂಟ್ ಪುಕ್ಕಟೆ ಸಿಗುತ್ತವೆ. ಆದರೂ ಕೆಲವು ಆ್ಯಪುಗಳಲ್ಲಿ ಒತ್ತಕ್ಷರ ಒಡೆಯುತ್ತದೆ. ಪರೀಕ್ಷೆಗೆ ಮೂರು ಮಾತು ಹಾಕಿ ನೋಡಿ: ‘ಛಿದ್ರ’, ‘ಭಕ್ತಿ’, ‘ಸಂಭ್ರಮ’. ಛಿದ್ರದ ದ ಕೆಳಗಿನ ಒತ್ತು ಪಕ್ಕಕ್ಕೆ ಬಂದು ‘ದ್‌ರ’ ಆದರೆ ಆ ಆ್ಯಪು ಬೇಡ. ಬೇರೆ ಆ್ಯಪು ಇಲ್ಲದಿದ್ದರೆ ಅಕ್ಷರಗಳನ್ನು ಚಿತ್ರವಾಗಿ ಮಾಡಿಕೊಂಡು ವಿಡಿಯೋದ ಮೇಲೆ ಇಡಿ.

ಕಿವಿ ಕೇಳದವರಿಗೆ, ಸದ್ದು ಹಾಕದೆ ನೋಡುವವರಿಗೆ ಉಪಶೀರ್ಷಿಕೆಯ ಕಡತ ಬೇರೆ ಕೊಡಿ. ತಾನಾಗಿ ಬರುವ ಉಪಶೀರ್ಷಿಕೆ ಹಾಡಿನ ಹಳೆಯ ಮಾತುಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ನಾವು ಹಂಚಿಕೊಂಡ ಹೊತ್ತಿನ ಪ್ರಕಾರ ಮೊದಲ ನುಡಿ 30ನೆಯ ಸೆಕೆಂಡಿಗೆ ಸುರುವಾಗುತ್ತದೆ. ಹೀಗೆ ಬರೆದು, UTF-8ನಲ್ಲಿ .srt ಕಡತವಾಗಿ ಉಳಿಸಿ:

```
4
00:00:30,000 --> 00:00:39,000
ತುಂಬಿದ ಹರಿಗೋಲಂಬಿಗ ಅದ-
ಕೊಂಬತ್ತು ಛಿದ್ರವು ಅಂಬಿಗ

5
00:00:39,000 --> 00:00:45,000
ಇದು ಹೊರೆ ತುಂಬಿದ ಹರಿಗೋಲು.
ಅದಕ್ಕೆ ಒಂಬತ್ತು ತೂತು.
```

13 ಸೆಕೆಂಡಿನ ಅರ್ಥವನ್ನು ಹೀಗೆ ಎರಡು ತುಂಡು ಮಾಡಿ ಕೊಟ್ಟರೆ ಕಣ್ಣಿಗೆ ಹಗುರ.

ಚಿತ್ರಕ್ಕೆ ಹೊಳೆ, ಹರಿಗೋಲು, ಹುಟ್ಟು ಸಾಕು. ಬೇರೆಲ್ಲಿಂದಲೋ ತಂದ ದೊಡ್ಡ ದೋಣಿ, ಹಡಗಿನ ಚಿತ್ರ ಹಾಕಬೇಡಿ, ಹಾಡಿನಲ್ಲಿ ಇರುವುದು ಹರಿಗೋಲು. ಕೃಷ್ಣೆಯ ದಂಡೆಗೆ ಹೋಗಿ ನೀವೇ ತೆಗೆಯುವುದಾದರೆ ಮಳೆಗಾಲ ಬಿಟ್ಟು ಹೋಗಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಕೆಳಗಿನ ಊರುಗಳಲ್ಲಿ ಹೊಳೆ ಬೇಗ ಏರುತ್ತದೆ. ಹರಿಗೋಲು ಹತ್ತದೆ ದಂಡೆಯಿಂದಲೇ ತೆಗೆಯಿರಿ, ಅಂಬಿಗರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಮುಖ ತೋರಿಸಿ. ಹುಟ್ಟು ಹಿಡಿದ ಕೈಗಳನ್ನು ಹತ್ತಿರದಿಂದ ಒಂದೈದು ಸೆಕೆಂಡು ತೆಗೆದುಕೊಂಡರೆ ಕೊನೆಯ ನುಡಿಗೆ ಬೇಕಾದದ್ದು ಸಿಕ್ಕಿತು.

ಹಾಕುವ ಮುಂಚೆ ಒಂದು ಸಲ ಸದ್ದಿಲ್ಲದೆ ನೋಡಿ, ಒಂದು ಸಲ ಕಣ್ಣು ಮುಚ್ಚಿ ಕೇಳಿ. ಸದ್ದಿಲ್ಲದಾಗ ಅಕ್ಷರದ ತಪ್ಪು ಕಾಣುತ್ತದೆ, ಕಣ್ಣು ಮುಚ್ಚಿದಾಗ ಓದಿನ ಅವಸರ ಕೇಳುತ್ತದೆ. ವಿಡಿಯೋದ ಹೆಸರಿನಲ್ಲಿ ಹಾಡಿನ ಮೊದಲ ಸಾಲನ್ನು ಪೂರ್ತಿ ಬರೆಯಿರಿ, ಜನ ಹುಡುಕುವುದು ಅದನ್ನೇ. ವಿವರಣೆಯಲ್ಲಿ ಹಾಡಿನ ಪಾಠ, ಬಳಸಿದ ಪುಸ್ತಕದ ಹೆಸರು, ಹಾಡಿದ ಮಂಡಳಿಯ ಹೆಸರು, ಬಿಟ್ಟ ನುಡಿಗಳು ಯಾವುವು ಎಂಬುದು, ಆರು ತೆರೆಯ ಬಗ್ಗೆ ಇನ್ನೊಂದು ಅಭಿಪ್ರಾಯ, ಇವಿಷ್ಟು ಇರಲಿ. ಯಾರಾದರೂ ಬೇರೆ ಪಾಠ ತಿಳಿಸಿದರೆ ಅವರ ಸಾಲನ್ನು ಪ್ರಾಸಕ್ಕೆ ಇಟ್ಟು ನೋಡಿ, ಕೂಡಿದರೆ ಅದನ್ನೂ ವಿವರಣೆಗೆ ಸೇರಿಸಿ.